ವರ್ಬಲ್ ದುರ್ಬಲವಾಗಿರುವಾಗ ಜಿಆರ್‌ಇ ತಯಾರಿಯ ಸಮಯವನ್ನು ಹೇಗೆ ಹಂಚಬೇಕು?

ಕೇಳಿದವರು: ಸಿವಿಲ್ ಎಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನು. ಮೊದಲ ಮಾಕ್ ಟೆಸ್ಟ್‌ನಲ್ಲಿ ಕ್ವಾಂಟ್ 161, ವರ್ಬಲ್ 142 ಬಂದಿದೆ. ಪರೀಕ್ಷೆಗೆ ಮೂರು ತಿಂಗಳಿದ್ದು, ದಿನಕ್ಕೆ ಎರಡು ಗಂಟೆ ಸಿಗುತ್ತದೆ. ಸಮಯವನ್ನು ಹೇಗೆ ಹಂಚಲಿ?

ದಾವಣಗೆರೆಯ ವಿದ್ಯಾರ್ಥಿ: ಎರಡೂ ಗಂಟೆಗಳನ್ನು ಪದಪಟ್ಟಿಗೇ ಕೊಡಿ. ವರ್ಬಲ್‌ನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಪ್ರಶ್ನೆಗಳು ಖಾಲಿ ಜಾಗ ತುಂಬುವಂಥವು, ಅಲ್ಲಿ ಪದ ಗೊತ್ತಿಲ್ಲದಿದ್ದರೆ ಬೇರೆ ದಾರಿಯಿಲ್ಲ. ಎಂಜಿನಿಯರಿಂಗ್ ಓದಿದವರಿಗೆ ಕ್ವಾಂಟ್ ಎಲ್ಲಿಗೂ ಹೋಗುವುದಿಲ್ಲ, ಕೊನೆಯ ವಾರ ನೋಡಿಕೊಂಡರೆ ಸಾಕು.

ಬೆಳಗಾವಿಯಿಂದ ಒಬ್ಬರು: ಪರೀಕ್ಷೆಯಲ್ಲಿ ಕ್ವಾಂಟ್ ಬೇಗ ಮುಗಿಸಿ, ಉಳಿದ ನಿಮಿಷಗಳನ್ನು ವರ್ಬಲ್‌ಗೆ ಬಳಸಿಕೊಳ್ಳುವುದು ಜಾಣತನ ಎಂದು ನನ್ನ ಅಭಿಪ್ರಾಯ.

ಜಿಆರ್‌ಇ ಪಾಠ ಹೇಳುವವರು: ಬೆಳಗಾವಿಯವರು ಹೇಳಿದ್ದು ಸಾಧ್ಯವಾಗುವುದಿಲ್ಲ. ಪ್ರತಿ ವಿಭಾಗಕ್ಕೂ ಅದರದೇ ಗಡಿಯಾರವಿದೆ. 2023ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಮಾದರಿಯಲ್ಲಿ ವರ್ಬಲ್‌ನ ಮೊದಲ ವಿಭಾಗಕ್ಕೆ 12 ಪ್ರಶ್ನೆಗಳು ಮತ್ತು 18 ನಿಮಿಷ, ಎರಡನೆಯದಕ್ಕೆ 15 ಪ್ರಶ್ನೆಗಳು ಮತ್ತು 23 ನಿಮಿಷ. ಕ್ವಾಂಟ್‌ನಲ್ಲಿ ಉಳಿಸಿದ ನಿಮಿಷಗಳು ಇತ್ತ ಬರುವುದಿಲ್ಲ. ಹೀಗಾಗಿ ಹಂಚಿಕೆ ನಡೆಯುವುದು ತಯಾರಿಯಲ್ಲಿ, ಮತ್ತು ಪರೀಕ್ಷೆಯ ದಿನ ಒಂದೇ ವಿಭಾಗದ ಒಳಗೆ.

ಹಂಚುವ ಮೊದಲು ಒಂದು ಕೆಲಸ ಮಾಡಿ. ಹೊಸದೊಂದು ವರ್ಬಲ್ ವಿಭಾಗವನ್ನು ಗಡಿಯಾರವಿಲ್ಲದೆ, ಬೇಕಾದಷ್ಟು ಹೊತ್ತು ಕುಳಿತು ಬಿಡಿಸಿ. ಅಂಕ ಚೆನ್ನಾಗಿ ಏರಿದರೆ ನಿಮ್ಮ ಕೊರತೆ ವೇಗದ್ದು. ಏರದಿದ್ದರೆ ಯಾವ ಬಗೆಯ ಪ್ರಶ್ನೆ ತಪ್ಪಿತೆಂದು ನೋಡಿ: ಖಾಲಿ ಜಾಗದವು ತಪ್ಪಿದ್ದರೆ ಪದಗಳ ಕೊರತೆ, ಗದ್ಯಭಾಗದವು ತಪ್ಪಿದ್ದರೆ ಉದ್ದನೆಯ ವಾಕ್ಯ ಕೈಗೆ ಸಿಗುತ್ತಿಲ್ಲ ಎಂದರ್ಥ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ತಿಳಿಯದೆ ಪದಪಟ್ಟಿ ಹಿಡಿದವರು ಸಾವಿರ ಪದ ಕಲಿತ ಮೇಲೂ ಅದೇ ಅಂಕದಲ್ಲಿ ನಿಂತಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕ್ವಾಂಟ್ ಬಿಟ್ಟುಬಿಡಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. x ಬಗ್ಗೆ ಏನನ್ನೂ ಹೇಳದೆ x² ಮತ್ತು x ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದಾಗ, ಅಭ್ಯಾಸ ತಪ್ಪಿದವರು 2 ಇಟ್ಟು ನೋಡಿ x² ಎಂದುಬಿಡುತ್ತಾರೆ. 1/2 ಇಟ್ಟರೆ ಉತ್ತರ ತಿರುಗುತ್ತದೆ, 1 ಇಟ್ಟರೆ ಎರಡೂ ಸಮ, ಆದ್ದರಿಂದ ನಿರ್ಧರಿಸಲಾಗದು ಎಂಬುದೇ ಸರಿಯುತ್ತರ. ಸೂತ್ರಗಳು ಮರೆಯುವುದಿಲ್ಲ, ಮರೆಯುವುದು ಈ ಎಚ್ಚರ. ಅದಕ್ಕೆ ದಿನಕ್ಕೆ ಅರ್ಧ ಗಂಟೆ ಸಾಕು, ಆದರೆ ಆ ಅರ್ಧ ಗಂಟೆ ತಪ್ಪಬಾರದು.

ಮೈಸೂರಿನ ಉದ್ಯೋಗಿ: ನಾನು ಬರೆದದ್ದು ಜಿಮ್ಯಾಟ್. ಅಲ್ಲಿ ವಿಭಾಗಗಳ ಕ್ರಮವನ್ನು ನಾವೇ ಆರಿಸಿಕೊಳ್ಳಬಹುದಾದ್ದರಿಂದ, ಮನಸ್ಸು ದಣಿಯುವ ಮೊದಲೇ ವರ್ಬಲ್ ಮುಗಿಸಿದೆ. ತಯಾರಿಯಲ್ಲೂ ಬೆಳಗಿನ ಹೊತ್ತನ್ನು ಓದಿಗೆ, ಕಚೇರಿಯಿಂದ ಬಂದ ಮೇಲಿನ ಹೊತ್ತನ್ನು ಲೆಕ್ಕಕ್ಕೆ ಇಟ್ಟುಕೊಂಡಿದ್ದೆ. ಆಯಾಸದಲ್ಲಿ ನನಗೆ ಲೆಕ್ಕ ಸಾಗುತ್ತಿತ್ತು, ಗದ್ಯ ಸಾಗುತ್ತಿರಲಿಲ್ಲ.

ಕೇಳಿದವರು: ಗಡಿಯಾರವಿಲ್ಲದೆ ಬಿಡಿಸಿ ನೋಡಿದೆ. ಗದ್ಯಭಾಗದ ಪ್ರಶ್ನೆಗಳು ಬಹುಪಾಲು ಸರಿಯಾದವು. ಖಾಲಿ ಜಾಗದವು ಮೊದಲಿನಂತೆಯೇ ತಪ್ಪಿದವು.

ಜಿಆರ್‌ಇ ಪಾಠ ಹೇಳುವವರು: ಹಾಗಾದರೆ ನಿಮಗೆ ಪದಗಳೂ ಬೇಕು, ಓದಿನ ವೇಗವೂ ಬೇಕು. ಮೊದಲ ಎಂಟು ವಾರ ದಿನಕ್ಕೆ ಒಂದೂವರೆ ಗಂಟೆಯನ್ನು ವರ್ಬಲ್‌ಗೆ ಕೊಡಿ. ಅದರಲ್ಲಿ ಅರ್ಧ ಗಂಟೆ ಪದಗಳಿಗೆ, ಉಳಿದದ್ದು ಖಾಲಿ ಜಾಗದ ಪ್ರಶ್ನೆಗಳಿಗೆ ಮತ್ತು ಗಡಿಯಾರವಿಟ್ಟು ಓದುವ ಗದ್ಯಕ್ಕೆ. ಖಾಲಿ ಜಾಗಕ್ಕೆ ಬಂದಾಗ ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಅಲ್ಲಿ ಯಾವ ಅರ್ಥ ಬರಬೇಕೆಂದು ಕನ್ನಡದಲ್ಲೇ ಹೇಳಿಕೊಳ್ಳಿ. ‘ಸಭೆಗಳಲ್ಲಿ ವಾಚಾಳಿಯಾದರೂ ತನ್ನ ಸಂಶೋಧನೆಯ ವಿಷಯ ಬಂದಾಗ ಅವನು ____’ ಎಂಬ ಧಾಟಿಯ ವಾಕ್ಯವಿದ್ದರೆ, ‘ಆದರೂ’ ಎಂಬುದೇ ದಾರಿ ತೋರಿಸುತ್ತದೆ. ‘ಬಾಯಿ ಬಿಡದವನು’ ಎಂದಿಟ್ಟುಕೊಂಡು ನಂತರ ಆಯ್ಕೆಗಳನ್ನು ನೋಡಿದರೆ ರೆಟಿಸೆಂಟ್, ಟ್ಯಾಸಿಟರ್ನ್ ಎರಡೂ ಕಣ್ಣಿಗೆ ಬೀಳುತ್ತವೆ. ಆರರಲ್ಲಿ ಎರಡನ್ನು ಆರಿಸುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಸರಿಯಾದರೆ ಅಂಕವಿಲ್ಲ. ಅಲ್ಲದೆ, ವಾಕ್ಯಕ್ಕೆ ಹೊಂದದ ಸಮಾನಾರ್ಥಕ ಜೋಡಿಯೊಂದನ್ನು ಬೇಕೆಂದೇ ಇಟ್ಟಿರುವುದುಂಟು.

ಪರೀಕ್ಷೆಯಲ್ಲಿ ಖಾಲಿ ಜಾಗದ ಪ್ರಶ್ನೆ ಒಂದಕ್ಕೆ ಸುಮಾರು ಒಂದು ನಿಮಿಷ ಮೀರದಿದ್ದರೆ 18ರಲ್ಲಿ ಹತ್ತು ನಿಮಿಷಗಳಷ್ಟು ಗದ್ಯಕ್ಕೆ ಉಳಿಯುತ್ತವೆ. ನಿಮ್ಮ ಬಲ ಇರುವುದು ಅಲ್ಲಿಯೇ. ತಪ್ಪುತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಪದ ಹೊಳೆಯದಿದ್ದರೆ ಏನಾದರೊಂದನ್ನು ಗುರುತಿಸಿ ಮುಂದೆ ಸಾಗಿ, ಸಮಯ ಉಳಿದರೆ ಅದೇ ವಿಭಾಗದೊಳಗೆ ಹಿಂದಿರುಗಬಹುದು. ಮೊದಲ ವಿಭಾಗ ಹೇಗಾಯಿತೆಂಬುದರ ಮೇಲೆ ಎರಡನೆಯದರ ಕಠಿಣತೆ ನಿರ್ಧಾರವಾಗುತ್ತದೆ. ಆದ್ದರಿಂದ ಮೊದಲನೆಯದರಲ್ಲಿ ಒಂದನ್ನೂ ಖಾಲಿ ಬಿಡಬೇಡಿ.

ಕೊನೆಯ ನಾಲ್ಕು ವಾರ ಎರಡಕ್ಕೂ ಸಮಪಾಲು ಮಾಡಿ. ಜಿಆರ್‌ಇ ನಡೆಸುವ ಇಟಿಎಸ್ ಸಂಸ್ಥೆ ಉಚಿತವಾಗಿ ಕೊಡುವ ಪವರ್‌ಪ್ರೆಪ್ ಅಭ್ಯಾಸ ಪರೀಕ್ಷೆಗಳನ್ನು ಈಗಲೇ ಖರ್ಚು ಮಾಡದೆ ಆಗ ಬರೆಯಿರಿ.

ದಾವಣಗೆರೆಯ ವಿದ್ಯಾರ್ಥಿ: ಕೊನೆಯಲ್ಲಿ ಸಮಪಾಲು ಮಾಡುವುದು ನನಗೆ ಈಗಲೂ ಸರಿ ಕಾಣುತ್ತಿಲ್ಲ. ಪದಗಳು ಮರೆತುಹೋಗುವುದು ಆ ವಾರಗಳಲ್ಲೇ.

ಜಿಆರ್‌ಇ ಪಾಠ ಹೇಳುವವರು: ಆ ಆತಂಕ ನಿಜ. ಪದಗಳ ಅರ್ಧ ಗಂಟೆಯನ್ನು ಮುಟ್ಟದೆ, ಗದ್ಯದಿಂದಲೇ ಸಮಯ ಕಡಿತ ಮಾಡಿಕೊಳ್ಳಬಹುದು. ಆದರೆ ಎಂಟನೆಯ ವಾರದಲ್ಲೂ ಗದ್ಯ ನಿಧಾನವಾಗಿಯೇ ಇದ್ದರೆ ಏನು ಬಿಡಬೇಕೆಂದು ಆಗಿನ ಮಾಕ್ ಟೆಸ್ಟ್ ನೋಡಿಯೇ ಹೇಳಬೇಕಾಗುತ್ತದೆ.