ಅಪ್‌ಡೇಟ್: ವೂಫರ್‌ನ ಗರಗರ ನಿಂತಿತು

ನಾನು ಕೇಳಿದ್ದು: ಅಪ್ಪನ ಹಳೇ ಸ್ಪೀಕರಿನ 8 ಇಂಚಿನ ವೂಫರ್ ತಬಲಾದ ಬಾಯಾಗೆ ಗರಗರ ಅನ್ನುತ್ತದೆ. ಕಾಯಿಲ್ ಹೋಗಿದೆಯಾ?

ಕಾಯಿಲ್ ಚೆನ್ನಾಗಿದೆ. ಜಾಲರಿ ತೆಗೆದು ಕೋನ್ ಸುತ್ತಲಿನ ಫೋಮ್ ಮುಟ್ಟಿದೆ. ಒದ್ದೆ ಕಾಫಿಪುಡಿಯ ಹಾಗೆ ಬೆರಳಿಗೆ ಅಂಟಿತು. ಒಂದು ಕಡೆ ಕೋನ್ ಪೂರ್ತಿ ಬಿಟ್ಟುಕೊಂಡಿತ್ತು.

ಆಮೇಲೆ ಎರಡೂ ಕೈಬೆರಳುಗಳಿಂದ ಕೋನನ್ನು ಸಮವಾಗಿ, ಮೆಲ್ಲಗೆ ಒತ್ತಿದೆ. ಒಳಗೆ ಕಾಯಿಲ್ ಕೆರೆಯುವ ಸದ್ದು ಬರಲಿಲ್ಲ. ಬಂದಿದ್ದರೆ ಬರೀ ಫೋಮ್ ಬದಲಿಸಿ ಪ್ರಯೋಜನ ಇರುತ್ತಿರಲಿಲ್ಲ.

ಹಳೇ ಫೋಮ್, ಅಂಟು ಕೆರೆದು ತೆಗೆಯಲು ಇಡೀ ಸಂಜೆ ಹಿಡಿಯಿತು. ಕಾಗದದ ಕೋನ್, ಅಲ್ವಾ, ಅವಸರ ಮಾಡಿದರೆ ಹರಿಯುತ್ತದೆ. ಹೊಸ ಫೋಮ್ ರಿಂಗ್ ತರಿಸುವಾಗ ಕೋನಿನ ಅಗಲವನ್ನೂ ಅಳೆದು ಕೊಟ್ಟಿದ್ದೆ. ‘8 ಇಂಚು’ ಅಂದರೆ ಸಾಲದು, ಒಳಸುತ್ತು ಹೊಂದದೇ ಹೋಗಬಹುದು.

ಮೊದಲು ಕೋನ್ ಕಡೆ ಬಿಳಿ ಅಂಟು ಹಚ್ಚಿ ರಾತ್ರಿಯಿಡೀ ಒಣಗಲು ಬಿಟ್ಟೆ. ಮರುದಿನ ಫ್ರೇಮ್ ಕಡೆ. ಅಂಟು ಹಸಿ ಇರುವಾಗಲೇ ಫೋನಿನಿಂದ 30 ಹರ್ಟ್ಸ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ತೀರಾ ಸಣ್ಣಗೆ ಕೊಟ್ಟೆ. ಒಂದು ಕಡೆ ಸರ್ ಸರ್ ಅಂತಿತ್ತು. ಕೋನನ್ನು ಕೂದಲೆಳೆಯಷ್ಟು ಸರಿಸಿದೆ, ಸದ್ದು ನಿಂತಿತು. ಅಲ್ಲೇ ಬಟ್ಟೆ ಕ್ಲಿಪ್ ಹಾಕಿ 24 ಗಂಟೆ ಬಿಟ್ಟೆ.

ಈಗ ಬಾಯಾದ ಗುಮಕಿ ದುಂಡಗೆ ಕೇಳುತ್ತಿದೆ. ಇನ್ನೊಂದು ಸ್ಪೀಕರಿನ ಫೋಮ್ ಕೂಡ ಅಷ್ಟೇ ಹಳೇದು. ಅದಕ್ಕೂ ರಿಂಗ್ ತರಿಸಿದ್ದೇನೆ.