ಪ್ರಶ್ನೋತ್ತರ: ಪರದೆಯಲ್ಲಿ 2.03, ಶೀಟಿನಲ್ಲಿ +2.1

ಶಿವಮೊಗ್ಗದ ಪೋಷಕರು: ನಮಸ್ಕಾರ ಸರ್. ಮಗಳು ಲಾಂಗ್ ಜಂಪ್‌ನಲ್ಲಿ ಮೀಟ್ ರೆಕಾರ್ಡ್ ದಾಟಿದಳು. ಗಾಳಿ ಯಂತ್ರದ ಪರದೆಯಲ್ಲಿ 2.03 ಇದ್ದದ್ದನ್ನು ನಾನೇ ಕಣ್ಣಾರೆ ನೋಡಿದೆ. ಶೀಟಿನಲ್ಲಿ +2.1 ಅಂತ ಬರೆದು ರೆಕಾರ್ಡ್ ಇಲ್ಲ ಅಂದುಬಿಟ್ಟರು. 2.03 ಅಂದರೆ 2.0 ತಾನೇ?

ಟೆಕ್ನಿಕಲ್ ಅಫಿಷಿಯಲ್: ಅಲ್ಲ. ದಾಖಲೆಗೆ ಹಿಂದಿನ ಗಾಳಿ ಸೆಕೆಂಡಿಗೆ 2.0 ಮೀಟರ್ ಮೀರಬಾರದು. ಓದಿನ ಎರಡನೇ ದಶಮಾಂಶದಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ಪ್ಲಸ್ ಕಡೆಗೇ ಏರಿಸಬೇಕು. 2.00 ಇದ್ದರೆ +2.0, 2.01 ಆದರೂ +2.1. ಎದುರು ಗಾಳಿಗೂ ಇದೇ ಲೆಕ್ಕ, −2.03 ಬಂದರೆ −2.0 ಅಂತ ಬರೆಯುತ್ತಾರೆ. ಶೀಟ್ ಬರೆದವರು ತಪ್ಪು ಮಾಡಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಯಿಕ್ಕೋಡ್ ಫೆಡರೇಷನ್ ಕಪ್‌ನಲ್ಲಿ ಜ್ಯೋತಿ ಯರ್ರಾಜಿ 100 ಮೀಟರ್ ಹರ್ಡಲ್ಸ್ 13.09ರಲ್ಲಿ ಓಡಿದಾಗಲೂ ಇದೇ +2.1 ಬಂದು ರಾಷ್ಟ್ರೀಯ ದಾಖಲೆ ತಪ್ಪಿತು. ಮಗಳ ದೂರ, ಸ್ಥಾನ, ಪದಕ ಯಾವುದಕ್ಕೂ ಧಕ್ಕೆ ಇಲ್ಲ.

ಹಾಸನದ ಪಿಇ ಮೇಷ್ಟ್ರು: ಗಾಳಿ ಜಾಸ್ತಿ ಇದ್ದರೆ ಪದಕವೂ ವಾಪಸ್ ಅಂತ ನಮ್ಮ ಕಡೆ ಹೇಳುತ್ತಾರಲ್ಲ ಸರ್?

ಟೆಕ್ನಿಕಲ್ ಅಫಿಷಿಯಲ್: ಇಲ್ಲ ಮೇಷ್ಟ್ರೇ. ಅದೇ ಕೋಯಿಕ್ಕೋಡ್ ಮೀಟ್ ನೋಡಿ. ಲಾಂಗ್ ಜಂಪ್‌ನಲ್ಲಿ ಜೆಸ್ವಿನ್ ಆಲ್ಡ್ರಿನ್ 8.37 ಜಿಗಿದರು, ಗಾಳಿ +4.1. ಶ್ರೀಶಂಕರ್ 8.36, ಗಾಳಿ +1.5. ಚಿನ್ನ ಆಲ್ಡ್ರಿನ್‌ಗೆ, ರಾಷ್ಟ್ರೀಯ ದಾಖಲೆ ಶ್ರೀಶಂಕರ್‌ಗೆ. ಎಲ್ಲರೂ ಅದೇ ಮೈದಾನದಲ್ಲಿ ಜಿಗಿದಿರುತ್ತಾರೆ, ಆದ್ದರಿಂದ ಸ್ಥಾನಕ್ಕೆ ಗಾಳಿ ಲೆಕ್ಕವಿಲ್ಲ. ಬೇರೆ ಊರಿನ, ಬೇರೆ ವರ್ಷದ ಸಾಧನೆಯ ಜೊತೆ ಹೋಲಿಸುವಾಗ ಮಾತ್ರ ಬೇಕು.

ಶಿವಮೊಗ್ಗದ ಪೋಷಕರು: ಇನ್ನೊಂದು ಸರ್. ಇದ್ದದ್ದು ಒಂದೇ ಯಂತ್ರ. ಅದು 100 ಮೀಟರ್ ಟ್ರ್ಯಾಕಿನ ಪಕ್ಕದಲ್ಲಿತ್ತು. ಲಾಂಗ್ ಜಂಪ್ ಪಿಟ್ ಮೈದಾನದ ಆಚೆ ಬದಿಗೆ, ಹುಡುಗಿಯರು ಓಡಿದ್ದು 100 ಮೀಟರಿನವರಿಗೆ ವಿರುದ್ಧ ದಿಕ್ಕಿಗೆ.

ಟೆಕ್ನಿಕಲ್ ಅಫಿಷಿಯಲ್: ಇದನ್ನು ಮೊದಲೇ ಹೇಳಬೇಕಿತ್ತು. 2.03ರ ಚರ್ಚೆಗಿಂತ ಇದು ದೊಡ್ಡ ವಿಷಯ.

ಲಾಂಗ್ ಜಂಪ್‌ಗೆ ಗಾಳಿ ಅಳೆಯುವ ಗೇಜ್ ಇಡುವ ಜಾಗ ಟೇಕಾಫ್ ಬೋರ್ಡಿನಿಂದ 20 ಮೀಟರ್ ಹಿಂದೆ. ರನ್‌ವೇ ಅಂಚಿನಿಂದ 2 ಮೀಟರ್ ಒಳಗಿರಬೇಕು, ಎತ್ತರ 1.22 ಮೀಟರ್. ಓಡುವಾಕೆ ಬೋರ್ಡಿನಿಂದ 40 ಮೀಟರ್ ದೂರದ ಗುರುತು ದಾಟಿದ ಕ್ಷಣ ಬಟನ್ ಒತ್ತಬೇಕು. ಅಲ್ಲಿಂದ 5 ಸೆಕೆಂಡಿನ ಸರಾಸರಿಯೇ ಆ ಜಿಗಿತದ ಗಾಳಿ. ಅವಳ ರನ್‌ಅಪ್ 30 ಮೀಟರ್ ಮಾತ್ರ ಅಂದರೆ 40ರ ಗುರುತಿಗೆ ಕೆಲಸವಿಲ್ಲ, ಅವಳು ಓಟ ಶುರು ಮಾಡಿದ ಕ್ಷಣದಿಂದಲೇ 5 ಸೆಕೆಂಡ್. ಆರು ಜಿಗಿತ ಇದ್ದರೆ ಆರು ಓದು.

100 ಮೀಟರಿಗೆ ಹಾಗಲ್ಲ. ಗೇಜ್ ಫಿನಿಷ್ ಲೈನಿನಿಂದ 50 ಮೀಟರ್ ಹಿಂದೆ, ಮೊದಲ ಲೇನಿನ ಪಕ್ಕದಲ್ಲಿರುತ್ತದೆ. ಗನ್ ಹಾರಿದಾಗಿನಿಂದ 10 ಸೆಕೆಂಡ್ ಅಳೆಯುತ್ತದೆ. ಒಂದೇ ಗೇಜ್‌ನಲ್ಲಿ ಎರಡೂ ಮಾಡುವಾಗ 10 ಸೆಕೆಂಡಿನ ಸೆಟ್ಟಿಂಗ್ ಹಾಗೇ ಉಳಿದುಬಿಡುವುದುಂಟು. ಆಗ ಹುಡುಗಿ ಮರಳಿಗೆ ಬಿದ್ದು ಎದ್ದು ಬಟ್ಟೆ ಕೊಡವಿಕೊಳ್ಳುವ ಹೊತ್ತಿನ ಗಾಳಿಯೂ ಸರಾಸರಿಗೆ ಸೇರುತ್ತದೆ.

ಇನ್ನು ದಿಕ್ಕು. ಗೇಜ್ ಅಳೆಯುವುದು ಗಾಳಿಯ ಪೂರ್ತಿ ವೇಗವನ್ನಲ್ಲ, ಓಡುವ ಗೆರೆಯ ಉದ್ದಕ್ಕೆ ಬರುವ ಪಾಲನ್ನು ಮಾತ್ರ. ಓಡುವವರ ಬೆನ್ನಿಗೆ ಬಂದರೆ ಪ್ಲಸ್, ಎದೆಗೆ ಬಂದರೆ ಮೈನಸ್. 100 ಮೀಟರಿನವರಿಗೆ +2.03 ಇದ್ದ ಗಾಳಿ ವಿರುದ್ಧ ದಿಕ್ಕಿಗೆ ಓಡಿದ ನಿಮ್ಮ ಮಗಳಿಗೆ ಎದುರು ಗಾಳಿ. ಅವಳು ಗಾಳಿಯ ಸಹಾಯದಿಂದಲ್ಲ, ಗಾಳಿಯನ್ನು ಸೀಳಿಕೊಂಡು ಜಿಗಿದಿರಲೂ ಸಾಕು.

ಹಾಗಂತ ಚಿಹ್ನೆ ತಿರುಗಿಸಿ −2.0 ಬರೆದು ದಾಖಲೆ ಕೊಡಲು ಬರುವುದಿಲ್ಲ. ಅದು ಬೇರೆ ಜಾಗದ, ಬಹುಶಃ ಬೇರೆ ಹತ್ತು ಸೆಕೆಂಡಿನ ಓದು. ಮೈದಾನದ ಒಂದು ಬದಿಗೆ ಗ್ಯಾಲರಿ ಇದ್ದರೆ ಎರಡು ಬದಿಯ ಗಾಳಿಯೂ ಒಂದೇ ಇರುವುದಿಲ್ಲ. ನನಗೊಂದು ವಿಷಯ ಬೇಕು. ರಿಸಲ್ಟ್ ಶೀಟಿನಲ್ಲಿ ಪ್ರತಿ ಜಿಗಿತದ ಕೆಳಗೆ ಗಾಳಿ ಎಷ್ಟು ಬರೆದಿದ್ದಾರೆ, ನೋಡಿ ಹೇಳಿ.

ದಾವಣಗೆರೆ ಕೋಚ್: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗುತ್ತೆ: “ಗೇಜ್ ಇಲ್ಲದಿದ್ದರೆ ಫೋನಿನ ಹವಾಮಾನ ಆ್ಯಪ್ ನೋಡಿ. ಗಾಳಿ ಒಂದು ಮೀಟರ್ ಹೆಚ್ಚಿದ್ದರೆ 0.05 ಸೆಕೆಂಡ್ ಕಳೆಯಿರಿ, ದಾಖಲೆಗೆ ಸಲ್ಲಿಸಬಹುದು.”

ಟೆಕ್ನಿಕಲ್ ಅಫಿಷಿಯಲ್: ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ. ಹವಾಮಾನ ಕೇಂದ್ರದ ಗಾಳಿಯನ್ನು 10 ಮೀಟರ್ ಎತ್ತರದಲ್ಲಿ ಅಳೆಯುತ್ತಾರೆ. ಕೇಂದ್ರ ನಿಮ್ಮ ಮೈದಾನದಿಂದ ಎಷ್ಟೋ ಕಿಲೋಮೀಟರ್ ದೂರ ಇರುತ್ತದೆ, ನಿಮ್ಮ ರನ್‌ವೇ ಯಾವ ದಿಕ್ಕಿಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಗಿರಗಿರ ತಿರುಗುವ ಬಟ್ಟಲಿನ ಮೀಟರ್ ಹಿಡಿದುಕೊಂಡು ನಿಲ್ಲುವವರಿಗೂ ಇದೇ ಮಾತು, ಅಡ್ಡಗಾಳಿಗೂ ಅದು ಅಷ್ಟೇ ಜೋರಾಗಿ ತಿರುಗುತ್ತದೆ. ಇನ್ನು ಲೆಕ್ಕ ಹಾಕಿ ತಿದ್ದಿದ ಸಮಯವನ್ನು ದಾಖಲೆಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಹಿಂದಿನ ಗಾಳಿ ಇದ್ದಾಗ ತಿದ್ದುವುದಾದರೆ ಸಮಯ ಕೂಡಿಸಬೇಕು, ಕಳೆಯುವುದಲ್ಲ. ಬರೆದವರಿಗೆ ಅದೂ ತಿಳಿದಿಲ್ಲ.

ಮೂಡುಬಿದಿರೆ ಓಟಗಾರ್ತಿ: 200 ಮೀಟರಿಗೆ ಗಾಳಿ ಎಲ್ಲಿಂದ ಅಳೆಯುತ್ತಾರೆ ಸರ್? ತಿರುವಿನಲ್ಲಿ ಎದುರು ಗಾಳಿ ಇದ್ದರೆ ಅದೂ ಲೆಕ್ಕಕ್ಕೆ ಬರುತ್ತಾ?

ಟೆಕ್ನಿಕಲ್ ಅಫಿಷಿಯಲ್: ಮೊದಲ ಓಟಗಾರ್ತಿ ನೇರ ಟ್ರ್ಯಾಕಿಗೆ ಬಂದಾಗಿನಿಂದ 10 ಸೆಕೆಂಡ್. ತಿರುವಿನ ಗಾಳಿ ಲೆಕ್ಕಕ್ಕಿಲ್ಲ.

ದಾವಣಗೆರೆ ಕೋಚ್: ಸರಿ, ಫಾರ್ವರ್ಡ್ ಬಿಡಿ. ಆದರೆ 1,000 ಮೀಟರ್ ಎತ್ತರದ ಮೇಲೆ ಮಾಡಿದ ದಾಖಲೆ ಮಾನ್ಯ ಇಲ್ಲ ಅನ್ನೋದು ನಿಯಮ ತಾನೇ? ಬೆಂಗಳೂರಿನ ಓಟಗಳಿಗೂ ಅದಕ್ಕೇ ‘A’ ಹಾಕುತ್ತಾರೆ.

ಟೆಕ್ನಿಕಲ್ ಅಫಿಷಿಯಲ್: 1,000 ಮೀಟರ್ ಅನ್ನುವ ಅಂಕಿ ಸರಿ, ಉಳಿದದ್ದು ತಪ್ಪು. ಅದಕ್ಕಿಂತ ಎತ್ತರದ ಊರಿನ ಸಾಧನೆಗೆ ಪಟ್ಟಿಯಲ್ಲಿ ‘A’ ಗುರುತು ಬೀಳುತ್ತದೆ ಅಷ್ಟೆ, ದಾಖಲೆ ಪೂರ್ತಿ ಮಾನ್ಯ. ಬೆಂಗಳೂರು ಸುಮಾರು 920 ಮೀಟರ್, ‘A’ ಬರುವುದಿಲ್ಲ. 2023ರಲ್ಲಿ ಆಲ್ಡ್ರಿನ್ 8.42 ಜಿಗಿದ ಬಳ್ಳಾರಿ ಕಡೆಯಂತೂ ಅದಕ್ಕಿಂತ ಎಷ್ಟೋ ಕೆಳಗಿದೆ.

ತುಮಕೂರಿನ ಪೋಷಕರು: ಮಗನನ್ನು ಒಂದು ತಿಂಗಳು ಊಟಿಯಲ್ಲಿ ತರಬೇತಿಗೆ ಬಿಡುತ್ತಿದ್ದೇವೆ. ಆಮೇಲೆ ಇಲ್ಲಿ ಓಡಿದರೆ ಅವನಿಗೂ ‘A’ ಬೀಳುತ್ತಾ?

ಟೆಕ್ನಿಕಲ್ ಅಫಿಷಿಯಲ್: ಇಲ್ಲ. ಸ್ಪರ್ಧೆ ನಡೆದ ಊರಿನ ಎತ್ತರ ಮಾತ್ರ ಲೆಕ್ಕ.

ಮೈಸೂರಿನ ಅಂಕಿಅಂಶ ಹವ್ಯಾಸಿ: ಇದೇ ನನಗೆ ಒಪ್ಪಿಗೆಯಾಗದ ಮಾತು. 1968ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಬಾಬ್ ಬೀಮನ್ 8.90 ಜಿಗಿದಾಗ ಎತ್ತರ 2,240 ಮೀಟರ್, ಗಾಳಿ ಸರಿಯಾಗಿ +2.0. ಗಾಳಿಗೆ ಮಿತಿ ಇಟ್ಟವರು ಎತ್ತರವನ್ನು ಬಿಟ್ಟದ್ದೇಕೆ?

ಟೆಕ್ನಿಕಲ್ ಅಫಿಷಿಯಲ್: ಒಳ್ಳೆಯ ಪ್ರಶ್ನೆ. ಸ್ಥೂಲವಾಗಿ ಲೆಕ್ಕ ಹಾಕೋಣ. ಗಾಳಿಯ ತಡೆ ಸಾಪೇಕ್ಷ ವೇಗದ ವರ್ಗದಂತೆ ಏರುತ್ತದೆ. ಸೆಕೆಂಡಿಗೆ 10 ಮೀಟರ್ ಓಡುವವನಿಗೆ ಗಾಳಿಯೇ ಇಲ್ಲದಾಗ ತಡೆ 10×10, ಅಂದರೆ 100 ಅಂತ ಇಟ್ಟುಕೊಳ್ಳಿ. ಹಿಂದಿನಿಂದ 2 ಮೀಟರ್ ಗಾಳಿ ಇದ್ದರೆ ಅವನು ಗಾಳಿಗೆ ಹೋಲಿಸಿದಾಗ ಓಡುತ್ತಿರುವುದು 8ರಲ್ಲಿ, ತಡೆ 64. ಎದುರಿನಿಂದ 2 ಬಂದರೆ 12ರ ವರ್ಗ, 144. ಹಿಂದಿನ ಗಾಳಿ ಕೊಡುವುದು 36, ಎದುರು ಗಾಳಿ ಕಸಿಯುವುದು 44. ಒಂದೇ ಗಾಳಿಯಾದರೂ ಲಾಭಕ್ಕಿಂತ ನಷ್ಟ ಹೆಚ್ಚು ಅನ್ನುವುದು ಇದರಿಂದ.

ಮೆಕ್ಸಿಕೊದ ಎತ್ತರದಲ್ಲಿ ಗಾಳಿಯ ಸಾಂದ್ರತೆ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆ. ನಿಶ್ಚಲ ಗಾಳಿಯಲ್ಲೇ ತಡೆ 100ರಿಂದ 80ಕ್ಕೆ ಇಳಿಯುತ್ತದೆ. +2.0 ಗಾಳಿಯೂ ಸೇರಿದರೆ 64ರ ಐದರಲ್ಲಿ ನಾಲ್ಕು ಪಾಲು, ಸುಮಾರು 51. ಸಮುದ್ರಮಟ್ಟದ ಅರ್ಧ ತಡೆಯಲ್ಲಿ ಬೀಮನ್ ಓಡಿ ಜಿಗಿದರು, ಎರಡೂ ನಿಯಮದ ಒಳಗೇ. ಟೋಕಿಯೊದಲ್ಲಿ 1991ರಲ್ಲಿ ಮೈಕ್ ಪೊವೆಲ್ 8.95 ಜಿಗಿದಾಗ ಗಾಳಿ +0.3 ಮಾತ್ರ ಇತ್ತು. ನನ್ನ ಲೆಕ್ಕದಲ್ಲಿ ಅದೇ ಹೆಚ್ಚಿನದು. ಆದರೂ ಎತ್ತರಕ್ಕೆ ಮಿತಿ ಬೇಡ ಅನ್ನುತ್ತೇನೆ. ಎತ್ತರ ಆ ದಿನ ಅಲ್ಲಿದ್ದ ಎಲ್ಲರಿಗೂ ಒಂದೇ, ಗಾಳಿ ಜಿಗಿತದಿಂದ ಜಿಗಿತಕ್ಕೆ ಬದಲಾಗುತ್ತದೆ. ಎತ್ತರದ ಊರಿನಲ್ಲಿ ಹುಟ್ಟಿದವರು ತಮ್ಮೂರಿನಲ್ಲಿ ದಾಖಲೆ ಮಾಡಲೇಬಾರದು ಅನ್ನುವುದು ಸರಿಯಲ್ಲ.

ಮೈಸೂರಿನ ಅಂಕಿಅಂಶ ಹವ್ಯಾಸಿ: ತಡೆ ಅರ್ಧ ಅಂತ ನೀವೇ ಹೇಳಿ, ಮಿತಿ ಬೇಡ ಅಂತಲೂ ನೀವೇ ಹೇಳುತ್ತೀರಿ. ಎರಡು ಬೇರೆ ಪಟ್ಟಿಯಾದರೂ ಇರಬೇಕಿತ್ತು.

ದಾವಣಗೆರೆ ಕೋಚ್: ಯಂತ್ರದ ಮೇಲೆ ಇಷ್ಟೊಂದು ನಂಬಿಕೆ ಯಾಕೆ? 1988ರ ಇಂಡಿಯಾನಾಪೊಲಿಸ್‌ನಲ್ಲಿ ಫ್ಲಾರೆನ್ಸ್ ಗ್ರಿಫಿತ್ ಜಾಯ್ನರ್ 10.49 ಓಡಿದಾಗ ಗೇಜ್ 0.0 ಅಂದಿತು. ಅದೇ ಹೊತ್ತಿಗೆ ಪಕ್ಕದ ಟ್ರಿಪಲ್ ಜಂಪ್ ಗೇಜ್ +4.3. ದಾಖಲೆ ಇವತ್ತಿಗೂ ನಿಂತಿದೆ!

ಹಾಸನದ ಪಿಇ ಮೇಷ್ಟ್ರು: ಅಡ್ಡಗಾಳಿ ಇದ್ದರೆ 0.0 ಬರಬಹುದಲ್ಲ?

ಮೈಸೂರಿನ ಅಂಕಿಅಂಶ ಹವ್ಯಾಸಿ: ಪಕ್ಕದಲ್ಲೇ +4.3 ಇದ್ದಾಗ? ಮೇಷ್ಟ್ರೇ, ಅದನ್ನು ಒಪ್ಪಲು ಯಾರಿಗೂ ಆಗುವುದಿಲ್ಲ.

ಹಾಸನದ ಪಿಇ ಮೇಷ್ಟ್ರು: ನೀವು ಅಲ್ಲಿ ಇರಲಿಲ್ಲವಲ್ಲ.

ಟೆಕ್ನಿಕಲ್ ಅಫಿಷಿಯಲ್: 10.49 ಬಗ್ಗೆ ನನಗೂ ಅನುಮಾನವಿದೆ, ಆದರೆ ಓದು ಬರೆದು ಮಾನ್ಯವಾಗಿದೆ. ತಪ್ಪು ಓದನ್ನು ತಡೆದ ಉದಾಹರಣೆಯೂ ಇದೆ. 1995ರ ಜುಲೈನಲ್ಲಿ ಇಟಲಿಯ ಸೆಸ್ಟ್ರಿಯೆರೆಯಲ್ಲಿ, 2,035 ಮೀಟರ್ ಎತ್ತರದಲ್ಲಿ, ಇವಾನ್ ಪೆಡ್ರೊಸೊ 8.96 ಜಿಗಿದರು. ಪೊವೆಲ್‌ಗಿಂತ ಒಂದು ಸೆಂಟಿಮೀಟರ್ ಹೆಚ್ಚು. ಗಾಳಿ +1.2 ಅಂತ ಬಂತು, ಆದರೆ ಉಳಿದ ಹೆಚ್ಚಿನ ಜಿಗಿತಗಳಿಗೆ ಗಾಳಿ ಮಿತಿ ಮೀರಿತ್ತು. ವಿಡಿಯೊದಲ್ಲಿ ನೋಡಿದರೆ ಗೇಜ್ ಮುಂದೆಯೇ ಒಬ್ಬ ನಿಂತಿದ್ದಾನೆ. ಇಟಲಿಯ ಫೆಡರೇಷನ್ ಅದನ್ನು ವಿಶ್ವದಾಖಲೆಗೆ ಕಳಿಸಲೇ ಇಲ್ಲ. ಒಬ್ಬನ ಮೈ ಸಾಕು, ಗಾಳಿ ಗೇಜ್ ತಲುಪುವುದಿಲ್ಲ. ಅದಕ್ಕೇ ಗೇಜ್ ಸುತ್ತ ಕುರ್ಚಿ, ಬ್ಯಾನರ್, ಫೋಟೊ ತೆಗೆಯುವವರು ಇರಕೂಡದು.

ಕಲಬುರಗಿ ಸಂಘಟಕರು: ಗೇಜ್ ಬಾಡಿಗೆಗೆ ಎಲ್ಲಿ ಸಿಗುತ್ತದೆ? ದಿನಕ್ಕೆ ಎಷ್ಟು?

ತುಮಕೂರಿನ ಪೋಷಕರು: ಸರ್, 2.04 ಬಂದರೆ 2.0 ಅಂತ ಬರೆಯಬಹುದಾ?

ಟೆಕ್ನಿಕಲ್ ಅಫಿಷಿಯಲ್: ಮೊದಲ ಉತ್ತರ ಓದಿ.

ದಾವಣಗೆರೆ ಕೋಚ್: ಕೇಳಿದವರಿಗೆ ಇಷ್ಟು ಗಡುಸಾಗಿ ಹೇಳುವುದಾದರೆ ಪ್ರಶ್ನೆ ಕೇಳಿ ಅಂತ ಕರೆಯಬಾರದಿತ್ತು.

ಟೆಕ್ನಿಕಲ್ ಅಫಿಷಿಯಲ್: ಎಲ್ಲರ ಕಣ್ಣ ಮುಂದೆ ಇರುವುದನ್ನು ಮತ್ತೆ ಬರೆಯಲು ನನಗೆ ಪುರುಸೊತ್ತಿಲ್ಲ. ತಪ್ಪು ಫಾರ್ವರ್ಡ್ ಹಾಕಿದವರು ಅದನ್ನು ಇನ್ನೂ ಅಳಿಸಿಲ್ಲ.

ಶಿವಮೊಗ್ಗದ ಪೋಷಕರು: ಶೀಟ್ ಸಿಕ್ಕಿತು ಸರ್. ಒಂದನೇ ಸುತ್ತಿನಲ್ಲಿ ಗಾಳಿಯ ಜಾಗ ಖಾಲಿ. ಮಗಳು ಜಿಗಿದ ಮೂರನೇ ಸುತ್ತಿನಲ್ಲಿ ಎಲ್ಲಾ ಹುಡುಗಿಯರಿಗೂ +2.1.

ಟೆಕ್ನಿಕಲ್ ಅಫಿಷಿಯಲ್: ಹಾಗಾದರೆ ಆ ಜಿಗಿತದ ಗಾಳಿ ಅಳೆದೇ ಇಲ್ಲ. ಯಾವುದೋ 100 ಮೀಟರ್ ಹೀಟ್‌ನ ಓದನ್ನು ಸಾಲಿಗೆ ತುಂಬಿದ್ದಾರೆ. ಅಳೆಯದ ಗಾಳಿಯ ಜಿಗಿತ ದಾಖಲೆಗೆ ಸಲ್ಲುವುದಿಲ್ಲ, ಆದರೆ ಗಾಳಿಯ ಸಹಾಯ ಇತ್ತು ಅಂತ ಬರೆಯುವುದೂ ತಪ್ಪು. ಫಲಿತಾಂಶ ಘೋಷಿಸಿದ 30 ನಿಮಿಷದೊಳಗೆ ರೆಫ್ರಿಗೆ ಬಾಯಿಮಾತಿನಲ್ಲೇ ಆಕ್ಷೇಪ ಹೇಳಬೇಕಿತ್ತು, ಆ ಸಮಯ ಕಳೆದಿದೆ. ಶೀಟಿನ ಫೋಟೊ ಮತ್ತು ಗೇಜ್ ಇದ್ದ ಜಾಗ ಕಾಣುವ ಯಾವುದಾದರೂ ವಿಡಿಯೊ ಇದ್ದರೆ ಇಟ್ಟುಕೊಳ್ಳಿ, ಆ +2.1 ತೆಗೆಸಲು ಸಂಘಟಕರಿಗೆ ಬರೆಯಬಹುದು. ಮುಂದಿನ ಮೀಟ್‌ನಲ್ಲಿ ಮಗಳು ವಾರ್ಮ್‌ಅಪ್ ಮಾಡುವ ಹೊತ್ತಿಗೆ ನೀವು ಬೋರ್ಡಿನಿಂದ 20 ಮೀಟರ್ ಹೆಜ್ಜೆ ಹಾಕಿ ನೋಡಿ. ಅಲ್ಲಿ ಗೇಜ್ ಇಲ್ಲದಿದ್ದರೆ ಮೊದಲ ಜಿಗಿತಕ್ಕೆ ಮುಂಚೆಯೇ ರೆಫ್ರಿಯನ್ನು ಕೇಳಿ.