ಸಹಾಯ ಬೇಕು: ಕಮಿಟಿ ಲೆಕ್ಕದಲ್ಲಿ 10 ಸರಿಯೋ, 60 ಸರಿಯೋ, 30 ಸರಿಯೋ?

ಎಲ್ಲರಿಗೂ ನಮಸ್ಕಾರ. ನಾವು ಡೊಂಬಿವಲಿಯಲ್ಲಿದ್ದೇವೆ. ಮಗಳು ಹನ್ನೊಂದನೇ ಕ್ಲಾಸು. ನಿನ್ನೆ ರಾತ್ರಿ ಒಂದು ಲೆಕ್ಕಕ್ಕೆ ಇಬ್ಬರೂ ಜಗಳ ಆಡಿದ್ದೇ ಆಡಿದ್ದು.

ಐದು ಮಕ್ಕಳಲ್ಲಿ ಮೂವರನ್ನು ಕ್ಯೂನಲ್ಲಿ ನಿಲ್ಲಿಸಬೇಕು. ಮೊದಲ ಜಾಗಕ್ಕೆ 5 ಜನ, ಎರಡನೇದಕ್ಕೆ 4, ಮೂರನೇದಕ್ಕೆ 3. ಒಟ್ಟು 5 × 4 × 3 = 60 ಥರ. ಇದು ಪರ್ಮ್ಯುಟೇಶನ್, ಇಲ್ಲಿ ತಕರಾರಿಲ್ಲ. ನಮ್ಮ ರಿಕ್ಷಾ ಸ್ಟ್ಯಾಂಡ್ ಕ್ಯೂನಲ್ಲಿ ಮುಂದೆ ನಿಂತವನೇ ಬೇರೆ, ಹಿಂದೆ ನಿಂತವನೇ ಬೇರೆ ಅಲ್ವಾ!

ಅದೇ ಮೂವರ ಕ್ಲಾಸ್ ಕಮಿಟಿ ಆದರೆ? ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ನೋಡಿದೆವು. ಆಶಾ, ಬಸು, ದೀಪಾ ಕ್ಯೂನಲ್ಲಿ 6 ಥರ ನಿಲ್ಲಬಹುದು: ಆಬದೀ, ಆದೀಬ, ಬಆದೀ, ಬದೀಆ, ದೀಆಬ, ದೀಬಆ. ಕಮಿಟಿ ಮಾತ್ರ ಒಂದೇ. ಅಂದರೆ 60ರಲ್ಲಿ ಪ್ರತಿ ಕಮಿಟಿಯೂ 6 ಸಲ ಎಣಿಕೆಯಾಗಿದೆ. 60 ÷ 6 = 10. ಇದು ಕಾಂಬಿನೇಶನ್.

ಸಿಕ್ಕಿಕೊಂಡಿದ್ದು ಮುಂದಿನ ಪ್ರಶ್ನೆಯಲ್ಲಿ. "ಮೂವರ ಕಮಿಟಿ, ಅದರಲ್ಲಿ ಒಬ್ಬರು ಲೀಡರ್." ಮಗಳು ಕಮಿಟಿ ಅನ್ನೋ ಪದ ಕಂಡ ಕೂಡಲೇ 10 ಬರೆದಳು. ಟ್ಯೂಷನ್‌ನವರು ಹುದ್ದೆ ಇದೆ, ಹಾಗಾಗಿ 60 ಅಂದರಂತೆ. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಲೀಡರ್ ಆಶಾ ಆದರೆ ಉಳಿದ ಬಸು, ದೀಪಾ ಅದಲುಬದಲಾದರೂ ಏನೂ ಬದಲಾಗೋದಿಲ್ಲ. ಹಾಗಾಗಿ 6ರಿಂದಲ್ಲ, 2ರಿಂದ ಭಾಗಿಸಬೇಕು: 30. ಇನ್ನೊಂದು ದಾರಿಯಲ್ಲೂ 10 ಕಮಿಟಿ × 3 ಲೀಡರ್ = 30 ಬರುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಮೂರೂ ಹುದ್ದೆ ಬೇರೆ ಇದ್ದಿದ್ದರೆ 60 ಒಪ್ಪುತ್ತಿದ್ದೆ.

ನನ್ನ ಲೆಕ್ಕದಲ್ಲಿ ತಪ್ಪಿದ್ದರೆ ಯಾವ ಹೆಜ್ಜೆಯಲ್ಲಿ ಅಂತ ಗಣಿತ ಕಲಿಸೋರು ಯಾರಾದರೂ ಹೇಳಿ. ಸೋಮವಾರ ಟೆಸ್ಟ್ ಇದೆ.